ಜಾಲಿ ಹಲಗೆಯ ತುದಿಗೆ ಸ್ಕ್ರೂ: ತೂತು ಹೊಡೆದರೂ ಸೀಳುತ್ತಿದೆ, ಯಾಕೆ?

ಈರಣ್ಣ, ಜಮಖಂಡಿ

ನಮಸ್ಕಾರ. ನಮ್ಮ ಹಳೇ ಚಕ್ಕಡಿಯ ಹಲಗೆಗಳು ಹಿತ್ತಲಲ್ಲಿ ಬಿದ್ದಿದ್ದವು. ಜಾಲಿ ಕಟ್ಟಿಗೆ, ಅಜ್ಜನ ಕಾಲದ್ದು. ರಂದಾ ಹೊಡೆಸಿದರೆ ಒಳಗೆ ಕೆಂಪಗೆ, ಕಬ್ಬಿಣದಂತೆ ಗಟ್ಟಿಯಾಗಿವೆ. ಪಡಸಾಲೆಗೆ ಒಂದು ಬೆಂಚು ಮಾಡುತ್ತಿದ್ದೇನೆ. ಮೇಲೆ ಮೂರು ಹಲಗೆ, ಒಂದೊಂದೂ 6 ಇಂಚು ಅಗಲ, 22 ಮಿ.ಮೀ. ದಪ್ಪ. ಎರಡೂ ತುದಿಗೆ ಕೆಳಗೆ ಅಡ್ಡಪಟ್ಟಿ ಇದೆ, ಅದೂ ಜಾಲಿಯದೇ. ಪಟ್ಟಿಯ ಅಗಲ 30 ಮಿ.ಮೀ. ಹಲಗೆಯ ತುದಿ ಪಟ್ಟಿಯ ಹೊರಮೈಗೆ ಸಮ ಕೂರಬೇಕು. ಹಾಗಾಗಿ ಸ್ಕ್ರೂ ಪಟ್ಟಿಯ ನಡುವೆ ಹೋಗಬೇಕೆಂದರೆ ಹಲಗೆಯ ತುದಿಯಿಂದ 15 ಮಿ.ಮೀ. ದೂರದಲ್ಲೇ ಬರುತ್ತದೆ.

ಸ್ಕ್ರೂ 8 ನಂಬರ್, ಎರಡು ಇಂಚು. 2 ಮಿ.ಮೀ. ಬಿಟ್‌ನಿಂದ ಹಲಗೆ, ಪಟ್ಟಿ ಎರಡನ್ನೂ ಸೇರಿಸಿ ಒಂದೇ ಸಲ ತೂತು ಹೊಡೆದೆ. ಬ್ಯಾಟರಿ ಡ್ರಿಲ್‌ನಿಂದ ಸ್ಕ್ರೂ ಬಿಟ್ಟೆ. ಅರ್ಧಕ್ಕೆ ಕಿರ್ ಕಿರ್ ಅಂತ ಶಬ್ದ. ತಲೆ ಹಲಗೆಗೆ ಮುಟ್ಟುವ ಹೊತ್ತಿಗೆ ಚಟ್ ಅಂತು. ತೂತಿನಿಂದ ತುದಿಯವರೆಗೆ ಒಂದು ಸೀಳು, ಒಳಮುಖವಾಗಿ ಇನ್ನೆರಡು ಇಂಚು ಸೀಳು. ಇನ್ನೊಂದು ಹಲಗೆಗೆ ಹಾಕಿದಾಗ ಏನೂ ಆಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಅಲ್ಲೂ ಕೂದಲೆಳೆಯಷ್ಟು ಬಿರುಕು.

ತೂತು ಹೊಡೆದರೆ ಸೀಳಲ್ಲ ಅಂತ ಎಲ್ಲರೂ ಹೇಳ್ತಾರೆ. ಹೊಡೆದಿದ್ದೇನಲ್ಲ? ಮೂರನೇ ಹಲಗೆ ಹಾಳಾದರೆ ಇಂಥದ್ದು ಮತ್ತೆ ಸಿಗೋದಿಲ್ಲ.

ಗೋಕಾಕ ಮಾಸ್ತರ

6 ಮಿ.ಮೀ. ಗೋಡೆಯ ಬಿಟ್ ತಗೊಳ್ಳಿ, ಮಷೀನನ್ನು ಹ್ಯಾಮರ್‌ಗೆ ಹಾಕಿ, ಒಳಗೆ ಪ್ಲಾಸ್ಟಿಕ್ ಗುಲ್ಲೆ ಬಡಿದು ಆಮೇಲೆ ಸ್ಕ್ರೂ ಹಾಕಿ. ನಮ್ಮ ಶಾಲೆಯ ಬೋರ್ಡು ಹಾಗೇ ಹಾಕಿದ್ದು, ಅಲ್ಲಾಡಿಲ್ಲ.

ಈರಣ್ಣ, ಜಮಖಂಡಿ

ಮಾಸ್ತರೇ, ಅದು ಗೋಡೆಗೆ ಸರಿ. ನನ್ನದು ಕಟ್ಟಿಗೆಯಿಂದ ಕಟ್ಟಿಗೆಗೆ.

ಉದ್ಯಮಬಾಗ ವರ್ನಿಯರ್

ಮಾಸ್ತರರ ಮಾತಿನಿಂದ ಒಂದು ನೆನಪಾಯಿತು. ಈರಣ್ಣ, ಮಷೀನು ಹ್ಯಾಮರ್‌ನಲ್ಲಿ ಇರಲಿಲ್ಲ ಅಂತ ಒಮ್ಮೆ ನೋಡಿಕೊಳ್ಳಿ. ಗೋಡೆಯ ಬಿಟ್ ಅಲ್ಲ, ಲೋಹಕ್ಕೆ ಬಳಸುವ ಹೆಚ್‌ಎಸ್‌ಎಸ್ ಬಿಟ್ ಇರಬೇಕು. ಗೋಡೆಯ ಬಿಟ್ ಕಟ್ಟಿಗೆಯನ್ನು ಕತ್ತರಿಸುವುದಿಲ್ಲ, ಉಜ್ಜಿ ಸುಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಾನು ಬೆಳಗಾವಿಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು, ಕಟ್ಟಿಗೆಯವನಲ್ಲ. ಆದರೆ ಅಳತೆ ಎಲ್ಲಾ ಕಡೆ ಒಂದೇ. ಈಗಷ್ಟೇ ನನ್ನ ಹತ್ತಿರ ಇದ್ದ 8 ನಂಬರ್ ಸ್ಕ್ರೂವನ್ನು ವರ್ನಿಯರ್‌ನಲ್ಲಿ ಹಿಡಿದೆ. ಸ್ಕ್ರೂನ ಮೈಸುತ್ತ ಸುರುಳಿಯಾಗಿ ಹೋಗುವ ಏಣು, ಅಂದರೆ ಆಟೆ, ಅದರ ಹೊರಗಿನ ಅಳತೆ 4.2 ಮಿ.ಮೀ. ಆಟೆ ಬಿಟ್ಟು ನಡುವಿನ ದಿಂಡು ಸುಮಾರು 3 ಮಿ.ಮೀ. ನೀವು ಹೊಡೆದದ್ದು 2. ಅಂದರೆ 3ರ ದಿಂಡನ್ನು 2ರ ತೂತಿಗೆ ನೂಕಿದ್ದೀರಿ. ಅಡ್ಡಕೊಯ್ತದ ಅಳತೆ ತೆಗೆದರೆ ದಿಂಡಿಗೆ ಬೇಕಾದ ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಖಾಲಿ ಇತ್ತು. ಉಳಿದ ಜಾಗದಲ್ಲಿದ್ದ ಕಟ್ಟಿಗೆ ಎಲ್ಲಿಗೆ ಹೋಗಬೇಕು? ಮೆತ್ತನೆಯ ಕಟ್ಟಿಗೆಯಾದರೆ ಒಳಗೇ ಒತ್ತಿಕೊಳ್ಳುತ್ತದೆ. ಜಾಲಿ ಒತ್ತಿಕೊಳ್ಳುವುದಿಲ್ಲ. ಪಕ್ಕಕ್ಕೆ ನೂಕುತ್ತದೆ, ನಾರಿನ ಗುಂಟ ಬಾಯಿ ಬಿಡುತ್ತದೆ.

ನೀವು 3 ಮಿ.ಮೀ. ಬಿಟ್ ತಗೊಳ್ಳಿ.

ರವಿ, ವಿಜಯಪುರ

ಒಪ್ಪೋದಿಲ್ಲ. ತೂತು ದಿಂಡಿನಷ್ಟೇ ದೊಡ್ಡದಾದರೆ ಸ್ಕ್ರೂ ಹಿಡಿಯೋದು ಹೇಗೆ? ಯಾವಾಗಲೂ ಒಂದು ಸೈಜು ಕಡಿಮೆ ಹೊಡೆಯಬೇಕು, ಆಗಲೇ ಬಿಗಿ. ನಾನು ಮನೆಯಲ್ಲಿ ಎಷ್ಟೋ ಸ್ಟೂಲು, ಶೆಲ್ಫು ಮಾಡಿದ್ದೇನೆ. ಎಲ್ಲಾ ಪ್ಯಾಕಿಂಗ್ ಪೆಟ್ಟಿಗೆಯ ಕಟ್ಟಿಗೆ. 8 ನಂಬರ್‌ಗೆ 2, ಹೆಚ್ಚಂದ್ರೆ ಎರಡೂವರೆ. ಒಂದೂ ಸಡಿಲವಾಗಿಲ್ಲ. ಈರಣ್ಣನವರ ಹಲಗೆ ಬಿಸಿಲಲ್ಲಿ ಒಣಗಿ ಉರಿದಿದೆ, ಅದಕ್ಕೇ ಸೀಳಿದೆ. ಸ್ಕ್ರೂಗೆ ಸೋಪು ಹಚ್ಚಿ, ಹಲಗೆಯ ತುದಿಯನ್ನು ರಾತ್ರಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.

ಖಾನಾಪುರ ಬಡಿಗೇರ

ರವಿ ತಮ್ಮಾ, ನಿನ್ನ ಪೆಟ್ಟಿಗೆಯ ಕಟ್ಟಿಗೆ ಪೈನು. ಅದಕ್ಕೆ ನೀನು ಹೇಳಿದ್ದು ಸರಿ. ಪೈನಿಗೆ ತೂತು ಸಣ್ಣದೇ ಇರಬೇಕು, ಇಲ್ಲದಿದ್ದರೆ ಆಟೆ ಕೀಳುತ್ತದೆ. ಜಾಲಿ ಬೇರೆ. ಸ್ಕ್ರೂ ಹಿಡಿಯುವುದು ಆಟೆಯಿಂದ, ದಿಂಡಿನಿಂದ ಅಲ್ಲ. ಜಾಲಿ, ಮತ್ತಿ, ಬೀಟೆಯಂಥ ಗಟ್ಟಿ ಕಟ್ಟಿಗೆಯಲ್ಲಿ ಅರ್ಧ ಮಿ.ಮೀ. ಆಟೆ ಕಚ್ಚಿದರೂ ಸ್ಕ್ರೂನ ತಲೆ ಮುರಿಯಬೇಕೇ ಹೊರತು ಕಿತ್ತು ಬರುವುದಿಲ್ಲ.

ಒದ್ದೆ ಬಟ್ಟೆ ಬೇಡವೇ ಬೇಡ. ಒಂದು ರಾತ್ರಿಯಲ್ಲಿ ನೀರು ಮೇಲ್ಮೈಗೆ ಮಾತ್ರ ಹೋಗುತ್ತದೆ. ತುದಿ ಉಬ್ಬುತ್ತದೆ, ಆಮೇಲೆ ಒಣಗುವಾಗ ಅದೇ ತುದಿ ಮೊದಲು ಬಿರಿಯುತ್ತದೆ. ಸೋಪು ಹಚ್ಚುವುದು ಹಳೇ ರೂಢಿ, ಕೆಲಸ ಹಗುರ ಆಗುವುದು ನಿಜ. ಆದರೆ ಸೋಪು ಹಸಿ ಎಳೆಯುತ್ತದೆ, ಒಳಗೆ ಸ್ಕ್ರೂ ಜಂಗು ಹಿಡಿಯುತ್ತದೆ. ಮೇಣದ ಬತ್ತಿ ಸಾಕು. ಆಟೆಗೆ ಸ್ವಲ್ಪ ಉಜ್ಜಿದರೆ ಆಯ್ತು.

ಇನ್ನು ಈರಣ್ಣನವರಿಗೆ. ವರ್ನಿಯರ್ ಅವರು ಹೇಳಿದ 3 ಮಿ.ಮೀ. ಸರಿ, ಆದರೆ ಅದು ಕೆಳಗಿನ ಪಟ್ಟಿಗೆ ಮಾತ್ರ ಸರಿ. ನಿಮಗೆ ಸೀಳಿದ್ದು ಮೇಲಿನ ಹಲಗೆ. ಆ ಹಲಗೆಯಲ್ಲಿ ಸ್ಕ್ರೂ ಕಚ್ಚುವ ಕೆಲಸವೇ ಇಲ್ಲ. ಸ್ಕ್ರೂ ಅದರೊಳಗಿಂದ ಸುಮ್ನೆ ಹಾಯ್ದು ಹೋಗಬೇಕು. ಪಟ್ಟಿಯನ್ನು ಕಚ್ಚಬೇಕು, ತಲೆಯಿಂದ ಹಲಗೆಯನ್ನು ಕೆಳಗೆ ಒತ್ತಬೇಕು. ಅಷ್ಟೇ. ಹಾಗಾಗಿ ಹಲಗೆಯ ತೂತು ಆಟೆಗಿಂತ ದೊಡ್ಡದಿರಬೇಕು, ನಿಮ್ಮ ಸ್ಕ್ರೂಗೆ ನಾಲ್ಕೂವರೆ ಮಿ.ಮೀ. ಸ್ಕ್ರೂ ಹಾಕಿದರೆ ತನ್ನ ಭಾರಕ್ಕೇ ಜಾರಿ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ತೂತು ಸಣ್ಣದು ಅಂತ ತಿಳಿಯಿರಿ.

ತುದಿಯಿಂದ 15 ಮಿ.ಮೀ. ಅಂದರೆ ಜಾಗ ಬಹಳ ಕಡಿಮೆ. ಅಲ್ಲಿ ಹಲಗೆಯನ್ನು ಪಕ್ಕಕ್ಕೆ ನೂಕುವ ಯಾವುದೂ ಇರಬಾರದು. ನೂಕುವುದು ಎರಡೇ, ಒಂದು ಆಟೆ, ಇನ್ನೊಂದು ಸ್ಕ್ರೂನ ತಲೆ. ಆಟೆಯದು ನಾಲ್ಕೂವರೆ ತೂತಿನಿಂದ ಮುಗಿಯಿತು. ತಲೆಯ ಕೆಳಭಾಗ ಬೆಣೆಯ ಆಕಾರದಲ್ಲಿದೆ ನೋಡಿ. ನಿಮಗೆ ಚಟ್ ಅಂದದ್ದು ತಲೆ ಮುಟ್ಟಿದಾಗ ಅಲ್ವಾ? ಆಟೆ ಅಷ್ಟರಲ್ಲೇ ಹಲಗೆಯನ್ನು ಬಿಗಿದು ಇಟ್ಟಿತ್ತು, ತಲೆ ಬಂದು ಸೀಳಿತು. ಕಟ್ಟಿಗೆ ಒಡೆಯುವಾಗ ಬೆಣೆ ಬಡಿಯುವುದೂ ಹೀಗೇ, ನಾರಿನ ಗುಂಟ, ತುದಿಯಲ್ಲಿ. ಹಾಗಾಗಿ ಕೌಂಟರ್‌ಸಿಂಕ್, ಅಂದರೆ ತಲೆ ಕೂರಲು ಇಳಿಜಾರು ಗುಳಿ, ಮಾಡದೆ ತುದಿಗೆ ಸ್ಕ್ರೂ ಹಾಕಬೇಡಿ. ಬಿಗಿ ಮಾಡುವ ಮೊದಲೇ ತಲೆ ಹಲಗೆಗೆ ಸಮವಾಗಿ ಕೂತಿರಬೇಕು.

ಈರಣ್ಣ, ಜಮಖಂಡಿ

ಬಡಿಗೇರ ಕಾಕಾ, ಇದು ನನಗೆ ಯಾರೂ ಹೇಳಿರಲಿಲ್ಲ. ಎರಡಕ್ಕೂ ಒಂದೇ ತೂತು ಅಂತಲೇ ತಿಳಿದಿದ್ದೆ. ಕೌಂಟರ್‌ಸಿಂಕ್ ಬಿಟ್ ನನ್ನ ಹತ್ತಿರ ಇಲ್ಲ. 10 ಮಿ.ಮೀ. ದೊಡ್ಡ ಬಿಟ್‌ನಿಂದ ಮೇಲೆ ಸ್ವಲ್ಪ ಕೆರೆದರೆ ನಡೆಯುತ್ತದಾ?

ಉದ್ಯಮಬಾಗ ವರ್ನಿಯರ್

ಬೇರೆ ಕಡೆಯಾದರೆ ನಡೆಯುತ್ತದೆ, ತುದಿಯಲ್ಲಿ ಬೇಡ. ಮಾಮೂಲಿ ಡ್ರಿಲ್ ಬಿಟ್‌ನ ಮೊನೆ 118 ಡಿಗ್ರಿ. ಸ್ಕ್ರೂನ ತಲೆಯ ಕೆಳಭಾಗ 90 ಡಿಗ್ರಿ. ಎರಡೂ ಹೊಂದುವುದಿಲ್ಲ. ಬಿಟ್ ಮಾಡಿದ ಗುಳಿ ತಟ್ಟೆಯಂತೆ ಅಗಲ, ತಲೆ ಅದಕ್ಕಿಂತ ಚೂಪು. ಆಗ ತಲೆ ಪೂರಾ ಕೂರುವುದಿಲ್ಲ. ನಾಲ್ಕೂವರೆ ತೂತಿನ ಬಾಯಿಯ ಅಂಚಿಗೆ ಮಾತ್ರ ತಾಗಿ, ಅಲ್ಲೇ ಒತ್ತುತ್ತದೆ. ತಪ್ಪಿಸಬೇಕೆಂದಿದ್ದ ಬೆಣೆ ಮತ್ತೆ ಬಂತು. 90 ಡಿಗ್ರಿಯ ಕೌಂಟರ್‌ಸಿಂಕ್ ಬಿಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೈಯಲ್ಲೇ ತಿರುಗಿಸಬಹುದು. ಸ್ಕ್ರೂವನ್ನು ತಲೆಕೆಳಗಾಗಿ ಇಟ್ಟು, ತಲೆಯ ಅಗಲ ಗುಳಿಯ ಬಾಯಿಗೆ ಸರಿಹೋದರೆ ನಿಲ್ಲಿಸಿ.

ಮತ್ತೆ, ನಂಬರ್ ನಂಬಬೇಡಿ. 8 ನಂಬರ್ ಅಂತ ಬರೆದಿದ್ದರೂ ಒಂದೊಂದು ಪೆಟ್ಟಿಗೆಯ ದಿಂಡು ಒಂದೊಂದು ತರ ಇರುತ್ತದೆ. ವರ್ನಿಯರ್ ಇಲ್ಲದವರು ಬಿಟ್ಟನ್ನು ಸ್ಕ್ರೂನ ಮುಂದೆ ಹಿಡಿದು ಬೆಳಕಿಗೆ ನೋಡಿ. ಒಂದು ಕಣ್ಣು ಮುಚ್ಚಿ. ದಿಂಡು ಬಿಟ್‌ನ ಹಿಂದೆ ಪೂರಾ ಮರೆಯಾಗಬೇಕು, ಎರಡೂ ಪಕ್ಕ ಆಟೆ ಮಾತ್ರ ಕಾಣಬೇಕು. ಪಕ್ಕದಲ್ಲಿ ದಿಂಡೂ ಇಣುಕಿದರೆ ಬಿಟ್ ಸಣ್ಣದು. ಆಟೆಯೂ ಕಾಣದಿದ್ದರೆ ದೊಡ್ಡದು.

ಸುನಂದಾ, ಅಥಣಿ

ಇದೇ ಮಾತು ನಡೆಯುತ್ತಿದೆ ಅಂತ ಕೇಳುತ್ತೇನೆ. ನಮ್ಮ ಅತ್ತೆಯವರ ಕಾಲದ ಸಾಗುವಾನಿ ಕಪಾಟು ಇದೆ. ಬಾಗಿಲಿನ ಬಿಜಾಗರಿ ಸವೆದಿತ್ತು, ಹಿತ್ತಾಳೆಯದು ಹೊಸದು ತಂದೆ. ಜೊತೆಗೆ ಹಿತ್ತಾಳೆಯದೇ 6 ನಂಬರ್ ಸ್ಕ್ರೂ. ಬಾಗಿಲು ಬರೀ ಒಂದು ಇಂಚು ದಪ್ಪ, ಬಿಜಾಗರಿ ಅದರ ಅಂಚಿಗೆ ಕೂರುತ್ತದೆ. ಎರಡು ಸ್ಕ್ರೂ ತಲೆ ತಿರುಚಿ ಮುರಿದವು, ದಿಂಡು ಒಳಗೇ ಉಳಿಯಿತು. ಮೂರನೆಯದು ಹೋಯಿತು, ಆದರೆ ಬಾಗಿಲಿನ ಮುಖದ ಮೇಲೆ ಉದ್ದಕ್ಕೆ ಗೆರೆ ಬಿಟ್ಟಿತು. ಹಳೇ ತೂತಿಗೇ ಹಾಕಿದ್ದು, ಆದರೂ ಯಾಕೆ?

ಖಾನಾಪುರ ಬಡಿಗೇರ

ಅಕ್ಕಾರೇ, ಹಿತ್ತಾಳೆ ಮೆತ್ತಗಿನ ಲೋಹ. ಅದು ಕಟ್ಟಿಗೆಯಲ್ಲಿ ಆಟೆ ಕೊರೆಯಲಾರದು. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ಪೂರಾ ಒಳಗೆ ಬಿಟ್ಟು, ವಾಪಸ್ ತೆಗೆಯಿರಿ. ದಾರಿ ಆಯ್ತು. ಆಮೇಲೆ ಹಿತ್ತಾಳೆಯದಕ್ಕೆ ಮೇಣ ಉಜ್ಜಿ ಕೈಯಿಂದಲೇ ತಿರುಗಿಸಿ. ಬ್ಯಾಟರಿ ಮಷೀನ್ ಬೇಡ. 6 ನಂಬರ್‌ಗೆ ಎರಡೂವರೆ ಮಿ.ಮೀ. ತೂತು. ನಿಮ್ಮ ಹೊಸ ಸ್ಕ್ರೂ ಹಳೆಯದಕ್ಕಿಂತ ಉದ್ದ ಇದ್ದಿರಬೇಕು. ತೂತು ಮುಗಿದ ಕಡೆ ಸ್ಕ್ರೂ ಗಟ್ಟಿ ಕಟ್ಟಿಗೆಗೆ ತಾಗಿ ನಿಂತಿದೆ, ನೀವು ತಿರುಗಿಸಿದ್ದೀರಿ, ತಲೆ ಹೋಯಿತು. ಗಟ್ಟಿ ಕಟ್ಟಿಗೆಯಲ್ಲಿ ತೂತು ಸ್ಕ್ರೂನ ಪೂರ್ತಿ ಉದ್ದಕ್ಕೂ ಬೇಕು.

ಗೆರೆ ಬಿಟ್ಟದ್ದು ಬೇರೆ ಕಾರಣಕ್ಕೆ. ಹೊಸ ಬಿಜಾಗರಿಯ ತೂತಿನ ನಡುವಿಗೆ ಹಳೇ ತೂತು ಸರಿಯಾಗಿ ಬಂದಿಲ್ಲ. ಹೊಸದಾಗಿ ಹೊಡೆದರೂ ಬಿಟ್ ನಾರಿನ ಮೆತ್ತನೆಯ ಕಡೆಗೆ ಸರಿಯುತ್ತದೆ. ಒಂದು ಮಿ.ಮೀ. ಸರಿದರೂ ತಲೆಯ ಇಳಿಜಾರು ಬಿಜಾಗರಿಯ ಒಂದು ಪಕ್ಕಕ್ಕೆ ಒತ್ತಿ, ಸ್ಕ್ರೂ ಓರೆಯಾಗಿ ಬಾಗಿಲಿನ ಮುಖದ ಕಡೆ ನೂಕುತ್ತದೆ. ಬಿಟ್ ಇಡುವ ಮೊದಲು ಚೂಪು ಮೊಳೆಯಿಂದ ನಡುವೆ ಒಂದು ಗುಳಿ ಕುಟ್ಟಿಕೊಳ್ಳಿ. ಒಳಗೆ ಉಳಿದ ದಿಂಡನ್ನು ಕೀಳಲು ಹೋಗಬೇಡಿ, ಹತ್ತಿರ ಅಂಚಿದೆ. ಬಿಜಾಗರಿಯನ್ನು ಅರ್ಧ ಇಂಚು ಮೇಲೆ ಅಥವಾ ಕೆಳಗೆ ಸರಿಸಿ ಕೂರಿಸಿ.

ಸುನಂದಾ, ಅಥಣಿ

ಸರಿಸಿದರೆ ಚೌಕಟ್ಟಿನ ಕಡೆಯ ಹಳೇ ಗುಳಿ ಕಾಣುತ್ತದಲ್ಲ. ನೋಡುತ್ತೇನೆ. ಹೌದು, ಹಳೇ ಸ್ಕ್ರೂ ಮುಕ್ಕಾಲು ಇಂಚು, ಹೊಸದು ಒಂದು ಇಂಚು.

ಸಿಂದಗಿ ಮಲ್ಲು

ಇಷ್ಟೆಲ್ಲಾ ಯಾಕೆ? ಕಪ್ಪು ಜಿಪ್ಸಮ್ ಸ್ಕ್ರೂ ತಗೊಳ್ಳಿ, ಇಂಪ್ಯಾಕ್ಟ್ ಡ್ರೈವರ್ ಹಿಡಿಯಿರಿ, ಒಂದೇ ಏಟಿಗೆ ಒಳಗೆ. ನಾವು ಸೈಟ್‌ನಲ್ಲಿ ಇಡೀ ದಿನ ಇದನ್ನೇ ಮಾಡುತ್ತೇವೆ. ಈಗ ಮೊನೆಯಲ್ಲಿ ಕಚ್ಚು ಇರುವ ಸ್ಕ್ರೂಗಳೂ ಬಂದಿವೆ, ಅವು ತಾವೇ ಕೊರೆದುಕೊಂಡು ಹೋಗುತ್ತವೆ. ಮಾವಿನ ಹಲಗೆಯ ತುದಿಗೆ ತೂತಿಲ್ಲದೆ ಹಾಕಿದ್ದೇನೆ, ಸೀಳಿಲ್ಲ.

ಖಾನಾಪುರ ಬಡಿಗೇರ

ಮಾವು ಜಾಲಿಯಷ್ಟು ಗಟ್ಟಿ ಅಲ್ಲಪ್ಪ. ಕಪ್ಪು ಸ್ಕ್ರೂ ಜಿಪ್ಸಮ್ ಶೀಟಿಗೆ ಮಾಡಿದ್ದು. ಅದು ಗಡಸು, ಬಾಗುವುದಿಲ್ಲ, ಮುರಿಯುತ್ತದೆ. ಜಾಲಿಯಲ್ಲಿ ಕಡೆಯ ಎರಡು ಸುತ್ತಿಗೆ ತಲೆ ಹಾರುತ್ತದೆ. ಅದಕ್ಕಿಂತ ಮುಖ್ಯ, ಅದರ ಆಟೆ ತಲೆಯವರೆಗೂ ಇರುತ್ತದೆ. ಹಲಗೆಯಲ್ಲಿ ದೊಡ್ಡ ತೂತು ಮಾಡದೆ ಹಾಕಿದರೆ ಆಟೆ ಹಲಗೆಯನ್ನೂ ಕಚ್ಚುತ್ತದೆ, ಪಟ್ಟಿಯನ್ನೂ ಕಚ್ಚುತ್ತದೆ. ಎರಡರ ನಡುವೆ ಸಂದು ಇದ್ದರೆ ಆ ಸಂದು ಹಾಗೇ ಉಳಿಯುತ್ತದೆ. ಜನ ಸಂದು ಮುಚ್ಚಲಿ ಅಂತ ಇನ್ನೂ ಬಿಗಿ ಮಾಡುತ್ತಾರೆ. ಆಗಲೇ ಸೀಳುವುದು.

ಕಚ್ಚು ಇರುವ ಮೊನೆಯ ಸ್ಕ್ರೂ ಒಳ್ಳೆಯದೇ. ಹಲಗೆಯ ನಡುವೆ ಹಾಕುವಾಗ ಉಪಯೋಗ ಇದೆ. ಗಟ್ಟಿ ಕಟ್ಟಿಗೆಯ ತುದಿಗೆ ನಾನು ಅದಕ್ಕೂ ತೂತು ಹೊಡೆಯುತ್ತೇನೆ.

ಸಿಂದಗಿ ಮಲ್ಲು

ತೂತು ಹೊಡೆಯೋದಾದರೆ ಆ ಸ್ಕ್ರೂಗೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ತಗಡಿಗೆ ಹಾಕುವ ಡ್ರಿಲ್ ಮೊನೆಯ ಸ್ಕ್ರೂ ಹಾಗಿಲ್ಲ, ಕೊರೆದುಕೊಂಡೇ ಹೋಗುತ್ತದೆ. ನನಗೆ ಈ ಮಾತು ಇನ್ನೂ ಪಟ್ಟಿಲ್ಲ. ಜಾಲಿಯ ತುಂಡು ಸಿಕ್ಕರೆ ಹಾಕಿ ನೋಡಿ ಹೇಳುತ್ತೇನೆ.

ಈರಣ್ಣ, ಜಮಖಂಡಿ

ಹಲಗೆಯಿಂದ ಕತ್ತರಿಸಿದ ಒಂದು ತುಂಡು ಇತ್ತು, ಕೆಳಗೆ ಪಟ್ಟಿಯ ಚೂರು ಇಟ್ಟು ನೋಡಿದೆ. ತುದಿಯಿಂದ 15 ಮಿ.ಮೀ. ಅಳೆದು ಮಾಡಿದ್ದು. ಮೇಲೆ ನಾಲ್ಕೂವರೆ, ಕೆಳಗೆ 3, ಕೌಂಟರ್‌ಸಿಂಕ್ ಮಾಡಿದೆ. ಮೇಲಿನ ತುಂಡಿಗೆ ಏನೂ ಆಗಲಿಲ್ಲ! ಸ್ಕ್ರೂ ಬಿಗಿಯಾಗುತ್ತಿದ್ದಂತೆ ಎರಡರ ನಡುವಿನ ಸಂದು ಕಣ್ಣೆದುರೇ ಮುಚ್ಚಿತು. ಆದರೆ ಪಟ್ಟಿಯೊಳಗೆ ಅರ್ಧ ಇಳಿದ ಮೇಲೆ ಮತ್ತೆ ಕಿರ್ ಕಿರ್ ಶುರು. ಹೊರಗೆ ತೆಗೆದರೆ ಸ್ಕ್ರೂ ಮುಟ್ಟಲಾಗದಷ್ಟು ಬಿಸಿ. ತೂತು ಹೊಡೆಯುವಾಗಲೂ ಸುಟ್ಟ ವಾಸನೆ ಬಂದಿತ್ತು.

ಖಾನಾಪುರ ಬಡಿಗೇರ

ಸುಟ್ಟ ವಾಸನೆ ಬಂದರೆ ಎರಡರಲ್ಲೊಂದು. ಬಿಟ್ ಮೊಂಡಾಗಿದೆ, ಇಲ್ಲವೇ ಹುಡಿ ಹೊರಗೆ ಬರುತ್ತಿಲ್ಲ. ಜಾಲಿಯ ಹುಡಿ ಬಿಟ್‌ನ ಸುರುಳಿಯಲ್ಲಿ ಸಿಮೆಂಟಿನಂತೆ ಕೂರುತ್ತದೆ. ಅರ್ಧ ಇಂಚು ಕೊರೆಯಿರಿ, ಬಿಟ್ಟನ್ನು ತಿರುಗುತ್ತಿರುವಾಗಲೇ ಪೂರಾ ಹೊರಗೆ ಎಳೆಯಿರಿ, ಹುಡಿ ಉದುರಿಸಿ, ಮತ್ತೆ ಅರ್ಧ ಇಂಚು. ಮುಗಿದ ಮೇಲೆ ತೂತಿನೊಳಗಿನ ಹುಡಿ ಊದಿ ತೆಗೆಯಿರಿ. ತಳದಲ್ಲಿ ಹುಡಿ ಉಳಿದರೆ ಸ್ಕ್ರೂ ಅದನ್ನೇ ಒತ್ತುತ್ತಾ ಹೋಗುತ್ತದೆ. ಊದುವಾಗ ಕಣ್ಣು ಮುಚ್ಚಿಕೊಳ್ಳಿ. ಸ್ಕ್ರೂನ ಉದ್ದಕ್ಕೆ ಸರಿಯಾಗಿ ಬಿಟ್‌ಗೆ ಒಂದು ಟೇಪು ಸುತ್ತಿಕೊಂಡರೆ ಆಳ ಗೊತ್ತಾಗುತ್ತದೆ. ಆ ಆಳ ಹಲಗೆಯ ಮೇಲ್ಮೈಯಿಂದ ಅಳೆದದ್ದು, ಹಲಗೆಯ ದಪ್ಪ ಅದರಲ್ಲೇ ಸೇರಿದೆ, ಮರೆಯಬೇಡಿ.

ಉದ್ಯಮಬಾಗ ವರ್ನಿಯರ್

ಹುಡಿ ತೆಗೆದ ಮೇಲೂ ಕಿರ್ ಕಿರ್ ಬಂದರೆ 3.2 ಮಿ.ಮೀ. ಬಿಟ್ ಹಾಕಿ ನೋಡಿ. ಇಂಚಿನ ಲೆಕ್ಕದಲ್ಲಿ ಅದು ಎಂಟನೇ ಒಂದು ಭಾಗ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆಗಲೂ ಆಟೆ ಪ್ರತಿ ಪಕ್ಕ ಅರ್ಧ ಮಿ.ಮೀ. ಕಚ್ಚುತ್ತದೆ.

ಈರಣ್ಣ, ಜಮಖಂಡಿ

3.2 ಸರಿಹೋಯಿತು. ಹೊಸ ಬಿಟ್ ತಂದೆ, ಹುಡಿ ತೆಗೆಯುತ್ತಾ ಹೊಡೆದೆ, ಮೇಣ ಹಚ್ಚಿದೆ. ಸ್ಕ್ರೂ ಶಬ್ದವಿಲ್ಲದೆ ಇಳಿಯಿತು. ಸುತ್ತಿಗೆಯಿಂದ ಹೊಡೆದು ಎರಡೂ ತುಂಡು ಬೇರೆ ಮಾಡಲು ನೋಡಿದೆ, ಅಲ್ಲಾಡಲಿಲ್ಲ. ರವಿಯವರು ಹೇಳಿದಂತೆ ಸಡಿಲ ಆಗುವ ಭಯ ಇತ್ತು, ಅದೂ ಹೋಯಿತು.

ಈಗ ಮೊದಲು ಸೀಳಿದ ಹಲಗೆಯನ್ನು ಏನು ಮಾಡಲಿ?

ಖಾನಾಪುರ ಬಡಿಗೇರ

ಸ್ಕ್ರೂ ತೆಗೆಯಿರಿ. ತೆಗೆದ ಕೂಡಲೇ ಸೀಳು ಸ್ವಲ್ಪ ಮುಚ್ಚುತ್ತದೆ. ಗೋಂದು ಒಳಗೆ ಹೋಗಬೇಕಾದರೆ ಅದನ್ನು ಮತ್ತೆ ತೆರೆಯಬೇಕು. ತುದಿಯಲ್ಲಿ ತೆಳು ಚಾಕು ಇಟ್ಟು ಮೆಲ್ಲಗೆ ಅಗಲಿಸಿ, ಜಾಸ್ತಿ ಬೇಡ, ಸೀಳು ಮುಂದೆ ಓಡುತ್ತದೆ. ಕಟ್ಟಿಗೆಯ ಬಿಳಿ ಗೋಂದಿಗೆ ಒಂದೆರಡು ಹನಿ ನೀರು ಹಾಕಿ ತೆಳ್ಳಗೆ ಮಾಡಿ. ಸೀಳಿನ ಮೇಲೆ ಸುರಿದು, ಕೆಳಗಿನಿಂದ ಬಾಯಿಯಿಂದ ಗಾಳಿ ಎಳೆಯಿರಿ, ಅಥವಾ ಹೊಲಿಗೆ ದಾರವನ್ನು ಸೀಳಿನೊಳಗೆ ಆಚೆ ಈಚೆ ಎಳೆದಾಡಿ. ಗೋಂದು ಇನ್ನೊಂದು ಪಕ್ಕ ಹನಿಯಾಗಿ ಕಂಡರೆ ತುಂಬಿದೆ ಅಂತ ಅರ್ಥ. ಆಮೇಲೆ ಹಲಗೆಯ ಎರಡೂ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿದು ಒಂದು ದಿನ ಬಿಡಿ.

ಹಳೇ 2 ಮಿ.ಮೀ. ತೂತಿನ ಚಿಂತೆ ಬೇಡ, ನಾಲ್ಕೂವರೆ ಹೊಡೆದಾಗ ಅದು ಮಾಯ ಆಗುತ್ತದೆ. ಪಟ್ಟಿಯಲ್ಲಿರುವ ತೂತನ್ನು 3.2ಕ್ಕೆ ಹಿಗ್ಗಿಸಿ. ಅಲ್ಲಿ ಆಟೆ ಕೆಟ್ಟಿದ್ದರೆ ಜಾಲಿಯದೇ ಒಂದು ಗೂಟ ಕೆತ್ತಿ, ಗೋಂದು ಹಚ್ಚಿ ಬಡಿದು, ಒಣಗಿದ ಮೇಲೆ ಹೊಸದಾಗಿ ಹೊಡೆಯಿರಿ. ಬೆಂಕಿಕಡ್ಡಿ ತುಂಬುವವರಿದ್ದಾರೆ. ಅದು ಮೆತ್ತನೆ ಕಟ್ಟಿಗೆ, ಬೆಂಚಿನ ಭಾರ ತಡೆಯುವುದಿಲ್ಲ.

ಮತ್ತೆ ಸ್ಕ್ರೂ ಹಾಕುವಾಗ ಕ್ಲ್ಯಾಂಪ್ ಹಲಗೆಯ ಅಂಚಿಗೇ ಇರಲಿ, ಸ್ಕ್ರೂ ಪೂರಾ ಕೂತ ಮೇಲೆ ತೆಗೆಯಿರಿ. ನಾರು ಅಗಲವಾಗಲು ಅದು ಬಿಡುವುದಿಲ್ಲ. ಕಡೆಯ ಎರಡು ಸುತ್ತು ಕೈ ಸ್ಕ್ರೂಡ್ರೈವರ್‌ನಿಂದ ಹಾಕಿ. ತಲೆ ಕೂತದ್ದು ಕೈಗೆ ತಿಳಿಯುತ್ತದೆ, ಮಷೀನಿಗೆ ತಿಳಿಯುವುದಿಲ್ಲ.

ನಮ್ಮ ಹಿರಿಯರು ಹಲಗೆಯ ತುದಿಯನ್ನು ಎರಡು ಇಂಚು ಉದ್ದ ಬಿಟ್ಟು, ತೂತು ಹೊಡೆದು, ಸ್ಕ್ರೂ ಹಾಕಿ, ಆಮೇಲೆ ಗರಗಸದಿಂದ ತುದಿ ಕತ್ತರಿಸುತ್ತಿದ್ದರು. ನಿಮ್ಮ ಹಲಗೆ ಅಳತೆಗೆ ಕತ್ತರಿಸಿ ಆಗಿದೆ. ಮುಂದಿನ ಸಲ ಹೀಗೆ ಮಾಡಿ.

ಇಳಕಲ್ ಮಗ್ಗದಮನಿ

ಒಂದು ಮಾತು ಬಿಟ್ಟುಹೋಗಿದೆ. ಎರಡನೇ ಹಲಗೆ ಸ್ಕ್ರೂ ಹಾಕಿದಾಗ ಸೀಳಲಿಲ್ಲ, ಬೆಳಗ್ಗೆ ಬಿರುಕು ಕಂಡಿತು ಅಂದಿರಿ. ನನ್ನ ಲೆಕ್ಕದಲ್ಲಿ ಅದಕ್ಕೂ ಸ್ಕ್ರೂಗೂ ಸಂಬಂಧ ಇಲ್ಲ. ಹಿತ್ತಲಲ್ಲಿ ಮಳೆ, ಬಿಸಿಲು ತಿಂದ ಹಲಗೆಗೆ ರಂದಾ ಹೊಡೆಸಿದ್ದೀರಿ. ಮೇಲಿನ ಒಣ ಪದರು ಹೋಯಿತು, ಒಳಗಿನ ಹಸಿ ಹೊರಗೆ ಬಂತು. ನಮ್ಮ ಕಡೆಯ ಬೇಸಿಗೆ ಗಾಳಿಗೆ ತುದಿ ಮೊದಲು ಒಣಗುತ್ತದೆ, ಬಿರಿಯುತ್ತದೆ. ಮಗ್ಗದ ಕಟ್ಟಿಗೆಯಲ್ಲಿ ನಾವು ಇದನ್ನು ದಿನಾ ನೋಡುತ್ತೇವೆ. ಸ್ಕ್ರೂನೇ ಇಲ್ಲದ ಕಡೆಯೂ ತುದಿ ಬಿರಿದಿರುತ್ತದೆ.

ತೂತು ಹೊಡೆಯುವ ಮೊದಲು ತುದಿಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ಮೇಲ್ಮೈ ಬೇಗ ಆರುತ್ತದೆ, ಬಿರುಕು ಇದ್ದರೆ ಅಲ್ಲಿ ಕಪ್ಪು ಗೆರೆ ಉಳಿಯುತ್ತದೆ. ಗೆರೆ ಕಂಡರೆ ಎಷ್ಟು ಸರಿಯಾದ ತೂತು ಹೊಡೆದರೂ ಸೀಳುತ್ತದೆ. ಗೆರೆ ಮುಗಿಯುವವರೆಗೆ ತುದಿ ಕತ್ತರಿಸಲೇಬೇಕು.

ಖಾನಾಪುರ ಬಡಿಗೇರ

ಒರೆಸಿ ನೋಡುವುದು ಬಹಳ ಒಳ್ಳೆಯ ಮಾತು. ಆದರೆ ಸ್ಕ್ರೂಗೆ ಸಂಬಂಧವೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸಣ್ಣ ತೂತಿನಲ್ಲಿ ಬಿಗಿದ ಸ್ಕ್ರೂ ರಾತ್ರಿಯಿಡೀ ನೂಕುತ್ತಲೇ ಇರುತ್ತದೆ, ಕಟ್ಟಿಗೆ ನಿಧಾನಕ್ಕೆ ಸೋಲುತ್ತದೆ. ಬಿರುಕು ತೂತಿನ ಹತ್ತಿರ ಅಗಲ, ದೂರ ಹೋದಂತೆ ತೆಳ್ಳಗೆ ಇದ್ದರೆ ಸ್ಕ್ರೂನಿಂದ ಆದದ್ದು. ತುದಿಯಲ್ಲಿ ಅಗಲ, ತೂತಿನ ಕಡೆ ತೆಳ್ಳಗೆ ಇದ್ದರೆ ಒಣಗಿ ಆದದ್ದು. ಈರಣ್ಣ, ನೋಡಿ ಹೇಳಿ.

ಇಳಕಲ್ ಮಗ್ಗದಮನಿ

ತೂತಿನಿಂದ ಶುರುವಾದ ಬಿರುಕು ತುದಿ ಮುಟ್ಟಿದ ಮೇಲೆ ಅಲ್ಲೂ ಬಾಯಿ ಬಿಡುತ್ತದಲ್ಲ ಕಾಕಾ? ಆಗ ತುದಿಯೂ ಅಗಲವೇ ಕಾಣುತ್ತದೆ. 15 ಮಿ.ಮೀ. ಜಾಗದಲ್ಲಿ ಯಾವುದು ಮೊದಲು ಅಂತ ಹೇಗೆ ಹೇಳೋದು?

ಈರಣ್ಣ, ಜಮಖಂಡಿ

ಭೂತಗನ್ನಡಿ ಹಿಡಿದು ನೋಡಿದೆ. ತುದಿಯಲ್ಲೂ ಅಗಲ, ತೂತಿನ ಹತ್ತಿರವೂ ಅಗಲ. ತೂತಿನಿಂದ ಒಳಗೆ ಒಂದು ಬೆರಳಿನಷ್ಟು ಹೋಗಿ ನಿಂತಿದೆ. ಇನ್ನೊಂದು ತುದಿಯಲ್ಲಿ ಸ್ಕ್ರೂ ಹಾಕಿಲ್ಲ. ಅಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆ, ಗೆರೆ ಕಾಣಲಿಲ್ಲ.

ಖಾನಾಪುರ ಬಡಿಗೇರ

ಒಳಗೂ ಹೋಗಿದೆ, ಸ್ಕ್ರೂ ಇಲ್ಲದ ತುದಿಯಲ್ಲಿ ಗೆರೆ ಇಲ್ಲ. ನಾನು ಸ್ಕ್ರೂ ಅಂತಲೇ ಹೇಳುತ್ತೇನೆ.

ಇಳಕಲ್ ಮಗ್ಗದಮನಿ

ಒಂದೇ ಹಲಗೆಯ ಎರಡು ತುದಿ ಒಂದೇ ತರ ಒಣಗಬೇಕು ಅಂತೇನಿಲ್ಲ. ಒಂದು ತುದಿ ನೆಲ ಮುಟ್ಟಿರಬಹುದು.

ಅದಿರಲಿ, ಇನ್ನೊಂದು ಕೇಳುತ್ತೇನೆ. ಒಂದೊಂದು ಹಲಗೆಯ ತುದಿಗೆ ಎಷ್ಟು ಸ್ಕ್ರೂ?

ಈರಣ್ಣ, ಜಮಖಂಡಿ

ಎರಡೆರಡು. ನಡುವೆ 4 ಇಂಚು ಅಂತರ.

ಇಳಕಲ್ ಮಗ್ಗದಮನಿ

ಹಾಗಾದರೆ ಸರಿಯಾದ ತೂತು ಹೊಡೆದರೂ ಮುಂದಿನ ಬೇಸಿಗೆಗೆ ನೋಡಿ. ಹಲಗೆ ಅಗಲಕ್ಕೆ ಕುಗ್ಗುತ್ತದೆ, ಕೆಳಗಿನ ಪಟ್ಟಿ ಉದ್ದಕ್ಕೆ ಕುಗ್ಗುವುದಿಲ್ಲ. ಎರಡು ಸ್ಕ್ರೂ ಎರಡು ಕಡೆ ಹಿಡಿದು ನಿಂತಿರುತ್ತವೆ. ನಡುವೆ ಸೀಳಬೇಕು.

ರವಿ, ವಿಜಯಪುರ

ಅಜ್ಜನ ಕಾಲದ ಕಟ್ಟಿಗೆ ಇನ್ನೂ ಕುಗ್ಗುತ್ತದಾ? ಅದು ಒಣಗಿ ಎಷ್ಟೋ ವರ್ಷ ಆಯ್ತಲ್ಲ.

ಖಾನಾಪುರ ಬಡಿಗೇರ

ಕುಗ್ಗುತ್ತದೆ. ಎಷ್ಟು ಹಳೆಯದಾದರೂ ಮಳೆಗಾಲದಲ್ಲಿ ಹಸಿ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಹಳೇ ಮನೆಯ ಬಾಗಿಲು ಮಳೆಗಾಲದಲ್ಲಿ ಇನ್ನೂ ಬಿಗಿಯಾಗುವುದಿಲ್ಲವೇ? ಮಗ್ಗದಮನಿಯವರು ಹೇಳಿದ್ದು ಸರಿ. ಪ್ರತಿ ಹಲಗೆಯಲ್ಲಿ ಒಂದು ತೂತು ದುಂಡಗೆ ನಾಲ್ಕೂವರೆ ಇರಲಿ. ಇನ್ನೊಂದನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ. ನಾಲ್ಕೂವರೆಯ ಎರಡು ತೂತು ಪಕ್ಕಪಕ್ಕ ಹೊಡೆದು ನಡುವಿನ ಕಟ್ಟಿಗೆಯನ್ನು ಗುಂಡು ಅರದಿಂದ ತೆಗೆಯಿರಿ. ಆ ತೂತಿಗೆ ಮಾತ್ರ ಕೌಂಟರ್‌ಸಿಂಕ್ ಬೇಡ, ಚಪ್ಪಟೆ ತಳದ ತಲೆಯ ಸ್ಕ್ರೂ ಹಾಕಿ, ಕೆಳಗೆ ವಾಷರ್ ಇಡಿ.

ಉದ್ಯಮಬಾಗ ವರ್ನಿಯರ್

4 ಇಂಚಿಗೆ ಎಷ್ಟು ಸರಿಯುತ್ತದೆ ಅಂತ ಲೆಕ್ಕ ಹಾಕಿದರೆ ಒಂದು ಮಿ.ಮೀ. ಆಸುಪಾಸು ಬರುತ್ತದೆ. ತೂತಿನಲ್ಲಿ ಸಡಿಲ ಇರುವುದು ಬರೀ 0.3. ಹಾಗಾಗಿ ಉದ್ದ ತೂತು ಬೇಕು ಅನ್ನುವುದು ಲೆಕ್ಕಕ್ಕೂ ಸರಿ. ಆದರೆ ಬೆಂಚಿನ ಮೇಲೆ ವಾಷರ್ ಎದ್ದು ಕಾಣುತ್ತದೆ, ಬಟ್ಟೆಗೆ ಸಿಗುತ್ತದೆ. ಕೆಳಗಿನಿಂದ, ಪಟ್ಟಿಯೊಳಗಿಂದ ಮೇಲಕ್ಕೆ ಸ್ಕ್ರೂ ಹಾಕಿದರೆ ಹೇಗೆ? ಆಗ ದೊಡ್ಡ ತೂತು ಪಟ್ಟಿಗೆ, ಸಣ್ಣ ತೂತು ಹಲಗೆಗೆ ಬರುತ್ತದೆ.

ಖಾನಾಪುರ ಬಡಿಗೇರ

ಬಂದರೆ ಮತ್ತೆ ಆಟೆ ಹಲಗೆಯ ತುದಿಯನ್ನೇ ಕಚ್ಚುತ್ತದೆ, ಅದೂ 15 ಮಿ.ಮೀ. ದೂರದಲ್ಲಿ. 3.2 ತೂತಿನಿಂದ ಸೀಳದೆ ಉಳಿಯಬಹುದು. ಆದರೆ 22 ಮಿ.ಮೀ. ದಪ್ಪದ ಹಲಗೆಯಲ್ಲಿ ಮೇಲೆ ಹೊರಬರದಂತೆ 16 ಮಿ.ಮೀ.ಗಿಂತ ಆಳ ಹೋಗಲಾಗದು. ನಾನಾದರೆ ಮೇಲಿನಿಂದಲೇ ಹಾಕಿ, ವಾಷರ್ ಕೂರಲು ಚಪ್ಪಟೆ ತಳದ ಗುಳಿ ಕೊರೆದು, ತಲೆ ಒಳಗೆ ಅಡಗಿಸುತ್ತೇನೆ. ಗುಳಿ ಅಗಲ ಆದಷ್ಟೂ ತುದಿಗೆ ಉಳಿಯುವ ಕಟ್ಟಿಗೆ ಕಡಿಮೆ, ಅದೊಂದು ತೊಡಕು ಇದೆ.

ಈರಣ್ಣ, ಜಮಖಂಡಿ

12 ಮಿ.ಮೀ. ವಾಷರ್ ಗುಳಿ ಮಾಡಿದರೆ ತುದಿಗೆ 9 ಮಿ.ಮೀ. ಉಳಿಯುತ್ತದೆ. ಸಾಕಾ?

ಖಾನಾಪುರ ಬಡಿಗೇರ

ಗುಳಿ 4 ಮಿ.ಮೀ. ಆಳ ಮೀರದಿದ್ದರೆ ಸಾಕು. ಮೊದಲು ತುಂಡಿನ ಮೇಲೆ ಮಾಡಿ, ಕ್ಲ್ಯಾಂಪ್ ಹಾಕಿಯೇ ಮಾಡಿ.